ಒರೆಸಿದ ಮಣೆ ತೊಳೆದ ಮಣೆಯಲ್ಲ

ಹಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದೇ ದಿನ ಮೂವರು ಹಾಸಿಗೆ ಹಿಡಿದರು. ಜ್ವರ, ಭೇದಿ, ಹೊಟ್ಟೆ ಹಿಂಡುವ ನೋವು. ಹಿಂದಿನ ರಾತ್ರಿಯ ಅನ್ನವೇ ಕೆಟ್ಟಿರಬೇಕು ಅಂದುಕೊಂಡೆ. ಆದರೆ ವೈದ್ಯರು ಕೇಳಿದ್ದು ಮೂರು ದಿನದ ಹಿಂದಿನ ಊಟದ ಬಗ್ಗೆ. ಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಇದು ಹೊಟ್ಟೆ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2ರಿಂದ 5 ದಿನ ಬೇಕು. ಅದಕ್ಕೇ ನಾವು ಯಾವಾಗಲೂ ತಪ್ಪು ಊಟದ ಮೇಲೆ ಅನುಮಾನ ಪಡುತ್ತೇವೆ.

ಮೂರು ದಿನದ ಹಿಂದೆ ಚಿಕನ್ ಮಾಡಿದ್ದೆ. ಅದನ್ನು ಎಲ್ಲರೂ ತಿಂದಿದ್ದರು, ಚೆನ್ನಾಗಿಯೇ ಬೆಂದಿತ್ತು. ಕಾಯಿಲೆ ಬಿದ್ದ ಮೂವರು ಮಾತ್ರ ಜೊತೆಗಿದ್ದ ಹಸಿ ಸೌತೆಕಾಯಿಯನ್ನೂ ತಿಂದಿದ್ದರು. ಆ ಸೌತೆಕಾಯಿ ತಾಜಾ ಇತ್ತು, ತೊಳೆದೂ ಇದ್ದೆ, ವಾಸನೆಯಿಲ್ಲ, ರುಚಿಯೂ ಬದಲಾಗಿರಲಿಲ್ಲ. ಹಾಗಾದರೆ ಏನಾಗಿತ್ತು? ಹಸಿ ಚಿಕನ್ ಹೆಚ್ಚಿದ ಮಣೆಯನ್ನು ನಲ್ಲಿ ನೀರಲ್ಲಿ ಒಮ್ಮೆ ಹಿಡಿದು, ಕಟ್ಟೆ ಒರೆಸುವ ಬಟ್ಟೆಯಿಂದಲೇ ಒರೆಸಿ, ಅದೇ ಮಣೆ ಮೇಲೆ ಸೌತೆಕಾಯಿ ಹೆಚ್ಚಿದ್ದೆ. ಚಿಕನ್ ಒಲೆ ಮೇಲೆ ಬೆಂದು ಶುದ್ಧವಾಯಿತು. ಸೌತೆಕಾಯಿ ಬೆಂಕಿಯನ್ನೇ ಕಾಣಲಿಲ್ಲ.

ಆಹಾರ ಹಳಸಿದಾಗ ವಾಸನೆ ಬರಿಸುವ ಸೂಕ್ಷ್ಮಜೀವಿಗಳೇ ಬೇರೆ, ಕಾಯಿಲೆ ತರುವವು ಸಾಮಾನ್ಯವಾಗಿ ಬೇರೆ. ಕ್ಯಾಂಪಿಲೋಬ್ಯಾಕ್ಟರ್ ಕೆಲವು ನೂರು ಒಳಗೆ ಹೋದರೂ ಸಾಕು. ಅದು ಅಡುಗೆಮನೆಯಲ್ಲಿ ಬೆಳೆಯಬೇಕಾಗಿಯೂ ಇಲ್ಲ, ಬಟ್ಟೆಯಲ್ಲಿ ಬಂದು ಅಂಟಿಕೊಂಡರೆ ಆಯಿತು. ಆದ್ದರಿಂದ ಮೂಸಿ ನೋಡಿ ತೀರ್ಮಾನ ಮಾಡೋದು ಇಲ್ಲಿ ನಡೆಯಲ್ಲ.

ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ. ಒದ್ದೆ ಸ್ಪಂಜಿನಲ್ಲಿ ಅನ್ನದಗುಳು, ಎಣ್ಣೆ, ಬೆಚ್ಚಗಿನ ಗಾಳಿ ಎಲ್ಲ ಸಿಗುತ್ತದೆ, ಅಲ್ಲೇ ಅದು ಹೆಚ್ಚುತ್ತದೆ. ಸ್ಪಂಜು ಹೊರಗೆ ಒಣಗಿದಂತೆ ಕಂಡರೂ ಒಳಗೆ ಗಂಟೆಗಟ್ಟಲೆ ತೇವ ಇರುತ್ತದೆ. ಪಾತ್ರೆ ತೊಳೆಯೋ ಬ್ರಷ್ ಆದರೆ ನೇತುಹಾಕಿದರೆ ಬೇಗ ಒಣಗುತ್ತದೆ, ಹಾಗಾಗಿ ನಾನು ಈಗ ಅದನ್ನೇ ಜಾಸ್ತಿ ಬಳಸುತ್ತೇನೆ. ಸ್ಪಂಜೇ ಬೇಕು ಅನ್ನುವವರು ಒಂದು ಮಾತು ನಡೆಸಿಕೊಡಿ: ಹಸಿ ಮಾಂಸ ಮುಟ್ಟಿದ ಜಾಗಕ್ಕೆ ಅದನ್ನು ಬಳಸಲೇಬೇಡಿ. ಅಲ್ಲಿಗೆ ಟಿಶ್ಯೂ ಕಾಗದ ತೆಗೆದುಕೊಂಡು, ಒರೆಸಿ, ಬಿಸಾಡಿ. ಸ್ಪಂಜನ್ನು ಒದ್ದೆ ಮಾಡಿ ಮೈಕ್ರೋವೇವಿನಲ್ಲಿ ಒಂದು ನಿಮಿಷ ಇಟ್ಟರೆ ಬಹುಪಾಲು ಸಾಯುತ್ತವೆ, ಆದರೆ ಒಣಗಿದ ಸ್ಪಂಜನ್ನು ಇಟ್ಟರೆ ಬೆಂಕಿ ಹತ್ತಬಹುದು, ಲೋಹದ ಎಳೆ ಇರುವುದನ್ನಂತೂ ಇಡಲೇಬಾರದು. ಉಳಿದ ಸೂಕ್ಷ್ಮಜೀವಿಗಳು ಮತ್ತೆ ಹೆಚ್ಚುವುದರಿಂದ, ಹೀಗೆ ಮಾಡಿಕೊಂಡೇ ತಿಂಗಳುಗಟ್ಟಲೆ ಎಳೆಯಬೇಡಿ, ಬದಲಾಯಿಸಿ. ಕೈಯೊರೆಸುವ ಬಟ್ಟೆ, ಪಾತ್ರೆ ಒರೆಸುವ ಬಟ್ಟೆ, ಕಟ್ಟೆ ಒರೆಸುವ ಬಟ್ಟೆ ಮೂರೂ ಬೇರೆ ಬೇರೆ ಇರಲಿ. ದಿನವೂ ಬದಲಿಸಿ, ಕುದಿಯುವ ನೀರಲ್ಲಿ ಐದು ನಿಮಿಷ ಹಾಕಿ, ಪೂರ್ತಿ ಒಣಗಿಸಿ.

ಇನ್ನು ಮಣೆ. ಮೊದಲು ಸೋಪು ಹಾಕಿ ಬಿಸಿ ನೀರಲ್ಲಿ ಉಜ್ಜಿ ತೊಳೆಯಬೇಕು. ಇದನ್ನು ಬಿಟ್ಟು ನೇರವಾಗಿ ಬ್ಲೀಚ್ ಸುರಿದರೆ ಜಿಡ್ಡಿನ ಕೆಳಗಿರುವುದಕ್ಕೆ ಅದು ತಲುಪುವುದಿಲ್ಲ. ತೊಳೆದ ಮೇಲೆ ನಾಲ್ಕು ಲೀಟರ್ ನೀರಿಗೆ ಒಂದು ಟೇಬಲ್ ಚಮಚ ವಾಸನೆ ಸೇರಿಸದ ಬ್ಲೀಚ್ ಬೆರೆಸಿ, ಮಣೆ ಮೇಲೆ ಹರಡಿ, ಐದು ನಿಮಿಷ ಬಿಡಿ, ಆಮೇಲೆ ತೊಳೆದು ನೇರವಾಗಿ ನಿಲ್ಲಿಸಿ ಒಣಗಿಸಿ. ಬ್ಲೀಚಿಗೆ ವಿನೆಗರ್ ಆಗಲಿ ಬೇರೆ ಕ್ಲೀನರ್ ಆಗಲಿ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಮರದ್ದೋ ಪ್ಲಾಸ್ಟಿಕ್ಕೋ ಅಂತ ಜಗಳ ಆಡುವುದಕ್ಕಿಂತ ಚಾಕುವಿನ ಗೀರು ನೋಡಿ. ಬೆರಳಾಡಿಸಿದಾಗ ಆಳವಾದ ಗೀರು ಉಗುರಿಗೆ ಸಿಕ್ಕಿದರೆ ಆ ಮಣೆಯನ್ನು ಎಷ್ಟು ಉಜ್ಜಿದರೂ ಸಂದಿಯೊಳಗಿನದು ಹೋಗುವುದಿಲ್ಲ, ಹೊಸದು ತನ್ನಿ.

ಹಸಿ ಚಿಕನ್ನನ್ನು ನಲ್ಲಿ ಕೆಳಗೆ ತೊಳೆಯುವುದೂ ಬೇಡ. ನೀರು ಸಿಡಿದು ಸಿಂಕು, ಪಕ್ಕದ ಲೋಟ, ಬಟ್ಟೆ ಎಲ್ಲಕ್ಕೂ ಅಂಟುತ್ತದೆ, ಬೇಯಿಸಿದರೆ ಬ್ಯಾಕ್ಟೀರಿಯಾ ಹೇಗೂ ಸಾಯುತ್ತದೆ ಅಲ್ವಾ. ಈಗ ನಮ್ಮ ಮನೆಯಲ್ಲಿ ಎರಡು ಮಣೆ ಇವೆ. ಹಸಿಯಾಗಿ ತಿನ್ನುವುದನ್ನೆಲ್ಲ ಮೊದಲೇ ಹೆಚ್ಚಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಆ ಮಣೆ ತೆಗೆದಿಟ್ಟ ಮೇಲೆಯೇ ಚಿಕನ್ ಪೊಟ್ಟಣ ಬಿಚ್ಚುತ್ತೇನೆ.