ಕಟ್ಟೆ ಮೇಲಿನ ಪಾತ್ರೆ ಗೋಡೆಗೆ: ಬೀಳದ ಹಾಗೆ ನೇತುಹಾಕುವುದು ಹೇಗೆ?

ಅಡುಗೆ ಕಟ್ಟೆಯಲ್ಲಿ ಜಾಗ ಸಾಲದು ಅಂದಾಗ ಹೆಚ್ಚಿನವರು ಇನ್ನೊಂದು ಸ್ಟ್ಯಾಂಡ್ ತಂದು ಕಟ್ಟೆಯ ಮೇಲೇ ಇಡುತ್ತಾರೆ. ಅಲ್ಲಿಗೆ ಉಳಿದಿದ್ದ ಜಾಗವೂ ಹೋಯಿತು. ಇನ್ನು ಕೆಲವರು ಟೈಲ್ಸ್‌ಗೆ ಅಂಟಿಸುವ ಕೊಕ್ಕೆ ತರುತ್ತಾರೆ. ಒಂದೆರಡು ವಾರ ಚೆನ್ನಾಗಿ ನಿಲ್ಲುತ್ತದೆ, ಒಂದು ರಾತ್ರಿ ಬಾಣಲೆ ಸಮೇತ ಕೆಳಗೆ ಬೀಳುತ್ತದೆ. ಪರಿಚಯದ ಮನೆಗಳಲ್ಲಿ ಈ ಎರಡನ್ನೂ ನೋಡಿ ನೋಡಿ ಸಾಕಾಗಿದೆ. ಕಟ್ಟೆಗೂ ಮೇಲಿನ ಕಪಾಟಿಗೂ ನಡುವೆ ಇರುವ ಗೋಡೆ ಹೆಚ್ಚಿನ ಮನೆಗಳಲ್ಲಿ ಖಾಲಿ ಇರುತ್ತದೆ. ಅಲ್ಲಿ ಒಂದು ಸ್ಟೀಲ್ ರಾಡ್ ಸರಿಯಾಗಿ ಕೂರಿಸಿದರೆ ದಿನಬಳಕೆಯ ಅರ್ಧ ಪಾತ್ರೆ ಕಟ್ಟೆ ಬಿಟ್ಟು ಮೇಲೇರುತ್ತವೆ. ಕೆಲಸವೆಲ್ಲ ಇರುವುದು ‘ಸರಿಯಾಗಿ’ ಕೂರಿಸುವುದರಲ್ಲಿ.

ಯಾವುದು ಗೋಡೆಗೆ, ಯಾವುದು ಒಳಗೆ

ದಿನಾ ಕೈಗೆ ಬೇಕಾದ ಪಾತ್ರೆಗಳನ್ನೆಲ್ಲ ನೆಲದ ಮೇಲೆ ಹರಡಿ. ವಾರಕ್ಕೊಮ್ಮೆ ಬಳಸುವುದನ್ನು ಸಜ್ಜಾ ಮೇಲೆ ಹಾಕಿ, ಅದರ ಮಾತು ಇಲ್ಲಿಗೆ ಮುಗಿಯಿತು. ಉಳಿದದ್ದನ್ನು ಎರಡು ಗುಂಪು ಮಾಡಿ. ಕಾವಲಿ, ಹಿಡಿ ಇರುವ ಬಾಣಲೆ, ಜರಡಿ, ಸೌಟು, ಇಕ್ಕಳದಂಥ ಚಪ್ಪಟೆ ಸಾಮಾನು ಗೋಡೆಗೆ. ಆಳವಾದ ಪಾತ್ರೆ, ಕುಕ್ಕರ್ ಕಪಾಟಿನ ಒಳಗೆ.

ಆಳವಾದ ಪಾತ್ರೆಯನ್ನು ಯಾಕೆ ನೇತುಹಾಕಬಾರದು? ಅದು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಚಾಚಿಕೊಳ್ಳುತ್ತದೆ. ಕಟ್ಟೆಗೆ ಬಗ್ಗಿ ಕೆಲಸ ಮಾಡುವಾಗ ಹಣೆಗೂ ಮೊಣಕೈಗೂ ತಗುಲುತ್ತದೆ. ಚಪ್ಪಟೆ ಬಾಣಲೆ ಗೋಡೆಗೆ ಒರಗಿಕೊಂಡು ಏಳೆಂಟು ಸೆಂಟಿಮೀಟರ್‌ಗಿಂತ ಜಾಸ್ತಿ ಮುಂದೆ ಬರುವುದಿಲ್ಲ.

ಕಪಾಟಿನೊಳಗೆ ಒಂದರೊಳಗೊಂದು ಸೇರಿಸಿ ಇಡುವಾಗ ಎರಡಕ್ಕಿಂತ ಹೆಚ್ಚು ಬೇಡ. ದಿನಬಳಕೆಯ ಪಾತ್ರೆ ಒಂದೇ ಕೈಯಲ್ಲಿ ಹೊರಗೆ ಬರಬೇಕು. ಮೇಲಿನ ಮೂರನ್ನು ಎತ್ತಿ ಕಟ್ಟೆ ಮೇಲೆ ಇಟ್ಟು, ಕೆಳಗಿನದನ್ನು ತೆಗೆಯುವ ಹಾಗಿದ್ದರೆ ಆ ಮೂರೂ ಸಂಜೆಯವರೆಗೆ ಕಟ್ಟೆಯ ಮೇಲೇ ಉಳಿಯುತ್ತವೆ. ಕಪಾಟಿನ ಒಂದು ಅಂತಸ್ತು 40 ಸೆಂ.ಮೀ. ಎತ್ತರ ಇದ್ದು, ಪಾತ್ರೆ 15 ಸೆಂ.ಮೀ. ಎತ್ತರ ಇದ್ದರೆ ಮೇಲಿನ ಜಾಗ ಸುಮ್ನೆ ಹಾಳು. ಅಲ್ಲಿ ಕಾಲಿರುವ ಸಣ್ಣ ಸ್ಟೀಲ್ ಮಣೆ ಇಟ್ಟರೆ ಅಂತಸ್ತು ಎರಡಾಗುತ್ತದೆ. ಕುಕ್ಕರ್ ಮಾತ್ರ ಮೇಲೆ ಬೇಡವೇ ಬೇಡ. ಭಾರದ ಸಾಮಾನು ಸೊಂಟದಿಂದ ಕೆಳಗೇ ಇರಲಿ.

ಅಳತೆ

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಕಟ್ಟೆಯಿಂದ ಮೇಲಿನ ಕಪಾಟಿನ ತಳಕ್ಕೆ 58 ಸೆಂ.ಮೀ. ಇದೆ. ನೇತುಹಾಕುವ ಸಾಮಾನಿನಲ್ಲಿ ಎಲ್ಲಕ್ಕಿಂತ ಉದ್ದದ್ದು ಒಂದು ಬಾಣಲೆ, ಹಿಡಿ ಸೇರಿ 40 ಸೆಂ.ಮೀ. ಕೊಕ್ಕೆ ರಾಡ್‌ನಿಂದ 6 ಸೆಂ.ಮೀ. ಕೆಳಗೆ ಇಳಿಯುತ್ತದೆ. ಒಟ್ಟು 46. ಕೊಕ್ಕೆ ಎತ್ತಿ ಬಿಡಿಸಲು ರಾಡ್ ಮೇಲೆ ಕೈ ಆಡುವಷ್ಟು ಜಾಗ ಬೇಕು, ಅದಕ್ಕೆ 6 ಬಿಡಿ. ಆಗ ಬಾಣಲೆಯ ತುದಿ ಕಟ್ಟೆಯಿಂದ 6 ಸೆಂ.ಮೀ. ಮೇಲೆ ನಿಲ್ಲುತ್ತದೆ. ಕಟ್ಟೆ ಒರೆಸುವ ಬಟ್ಟೆ ಆರಾಮಾಗಿ ಓಡಾಡುತ್ತದೆ. ಈ ಲೆಕ್ಕ ಹೊಂದದಿದ್ದರೆ ಆ ಉದ್ದದ ಬಾಣಲೆಯೊಂದನ್ನು ಕಪಾಟಿನಲ್ಲಿ ನಿಲ್ಲಿಸಿ, ಉಳಿದವಕ್ಕೆ ತಕ್ಕಂತೆ ರಾಡ್ ಹಾಕಿ.

ಇನ್ನು ಭಾರ. ತೂಕದ ಯಂತ್ರದ ಮೇಲೆ ಒಂದೊಂದನ್ನೇ ಇಟ್ಟು ಬರೆದುಕೊಳ್ಳಿ. ಕಬ್ಬಿಣದ ಕಾವಲಿ 1.8 ಕೆ.ಜಿ., ಬಾಣಲೆ ಎರಡು ಸೇರಿ 2 ಕೆ.ಜಿ., ಜರಡಿ, ಸೌಟು ಎಲ್ಲ ಸೇರಿ 1.2 ಕೆ.ಜಿ. ಅಂದುಕೊಳ್ಳಿ. ಒಟ್ಟು 5 ಕೆ.ಜಿ. ನಾವು ತಯಾರಿ ಮಾಡುವುದು ಇದರ ಎರಡರಷ್ಟಕ್ಕೆ. ಪಾತ್ರೆ ಎಳೆದು ತೆಗೆಯುವಾಗ ಕೈಯ ಭಾರವೂ ರಾಡ್ ಮೇಲೆ ಬೀಳುತ್ತದೆ. 90 ಸೆಂ.ಮೀ. ಉದ್ದದ ರಾಡ್‌ಗೆ ಎರಡು ತುದಿಯಲ್ಲಿ ಎರಡು, ನಡುವೆ ಒಂದು, ಹೀಗೆ ಮೂರು ಬ್ರಾಕೆಟ್ ಇರುವುದನ್ನೇ ತನ್ನಿ. ಎರಡೇ ಬ್ರಾಕೆಟ್‌ನ ಉದ್ದದ ತೆಳು ರಾಡ್ ನಡುವೆ ಬಾಗುತ್ತದೆ, ಆಗ ಕೊಕ್ಕೆಗಳೆಲ್ಲ ಜಾರಿ ಒಂದೇ ಕಡೆ ಸೇರುತ್ತವೆ.

ಜಾಗ ಒಲೆಯ ಪಕ್ಕ ಇರಲಿ, ಒಲೆಯ ಹಿಂದೆ ಬೇಡ. ಉರಿ ದಾಟಿ ಕೈ ಚಾಚುವುದು ಅಪಾಯ. ಜೊತೆಗೆ ಒಗ್ಗರಣೆ ಎಣ್ಣೆಯೆಲ್ಲ ತೊಳೆದ ಪಾತ್ರೆಗೇ ಸಿಡಿಯುತ್ತದೆ.

ತೂತು ಕೊರೆಯುವುದು: ಇಲ್ಲಿ ನಿಧಾನ ಮಾಡಿ

ಹೆಚ್ಚಿನ ಕಡೆ ಟೈಲ್ಸ್ ಒಡೆಯುವುದೂ ರಾಡ್ ಕಿತ್ತು ಬರುವುದೂ ಈ ಹಂತದ ಆತುರದಿಂದಲೇ.

ಮೊದಲು ಗೋಡೆಯೊಳಗೆ ಏನಿದೆ ಎಂದು ಯೋಚಿಸಿ. ಸ್ವಿಚ್ ಬೋರ್ಡ್‌ನಿಂದ ವೈರು, ನಲ್ಲಿಯಿಂದ ಪೈಪು ಸಾಮಾನ್ಯವಾಗಿ ನೇರ ಮೇಲೆ, ಕೆಳಗೆ ಅಥವಾ ಅಡ್ಡ ಹೋಗಿರುತ್ತವೆ. ಆ ಗೆರೆಗಳಲ್ಲಿ ತೂತು ಹಾಕಲೇಬೇಡಿ, ಒಂದು ಗೇಣಾದರೂ ದೂರ ಸರಿಯಿರಿ. ವೈರು ಎಲ್ಲಿದೆ ಎಂದು ಅನುಮಾನ ಇದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿಯೇ ಮುಂದುವರಿಯಿರಿ. ಆಮೇಲೆ ಬೆರಳ ಗೆಣ್ಣಿನಿಂದ ಟೈಲ್ಸ್ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಸರಿ. ಡಬಡಬ ಅಂದರೆ ಹಿಂದೆ ಸಿಮೆಂಟ್ ಇಲ್ಲ, ಪೊಳ್ಳು ಎಂದು ಅರ್ಥ. ಆ ಟೈಲ್ಸ್ ಬಿಟ್ಟು ಪಕ್ಕದ್ದಕ್ಕೆ ಹೋಗಿ.

ಗುರುತು ಹಾಕುವಾಗ ರಸಮಟ್ಟ ಇಟ್ಟು ನೋಡಿ, ಕಣ್ಣಳತೆ ನಂಬಬೇಡಿ. ತೂತು ಟೈಲ್ಸ್‌ನ ಅಂಚಿಗೆ ತೀರ ಹತ್ತಿರ ಬಂದರೆ ಮೂಲೆ ಚಕ್ಕೆ ಏಳುತ್ತದೆ. ಎರಡು ಮೂರು ಸೆಂಟಿಮೀಟರ್ ಒಳಗಿರಲಿ. ಗುರುತಿನ ಮೇಲೆ ಕಾಗದದ ಅಂಟು ಟೇಪು ಹಚ್ಚಿ. ನುಣುಪು ಟೈಲ್ಸ್ ಮೇಲೆ ಬಿಟ್ ಜಾರದ ಹಾಗೆ ಅದು ಹಿಡಿದುಕೊಳ್ಳುತ್ತದೆ.

ಈಗ ಡ್ರಿಲ್. ಸುತ್ತಿಗೆ ಹೊಡೆತದ ಸ್ವಿಚ್ ಆಫ್ ಇರಲೇಬೇಕು. ಒಡೆದ ಟೈಲ್ಸ್‌ಗೆ ಹೆಚ್ಚಾಗಿ ಇದೇ ಕಾರಣ. ಸಾಮಾನ್ಯ ಸೆರಾಮಿಕ್ ಟೈಲ್ಸ್‌ಗೆ ಭರ್ಜಿಯಂತೆ ಚೂಪು ತುದಿಯ 6 ಎಂ.ಎಂ. ಟೈಲ್ಸ್ ಬಿಟ್ ಸಾಕು. ವಿಟ್ರಿಫೈಡ್ ಆಗಿದ್ದರೆ ಅದು ಕೊರೆಯುವುದಿಲ್ಲ, ಬರೀ ಬಿಸಿಯಾಗುತ್ತದೆ. ಅದಕ್ಕೆ ಡೈಮಂಡ್ ಬಿಟ್ ಬೇಕು, ಆಗಾಗ ನಿಲ್ಲಿಸಿ ಒದ್ದೆ ಸ್ಪಂಜಿನಿಂದ ಜಾಗ ತಣಿಸಬೇಕು. ಮೆಷಿನ್‌ಗೆ ನೀರು ತಾಗಬಾರದು. ಕಣ್ಣಿಗೆ ಕನ್ನಡಕ ಇರಲಿ. ಕಡಿಮೆ ವೇಗದಲ್ಲಿ ಹಗುರಾಗಿ ಒತ್ತಿ ಹಿಡಿಯಿರಿ, ಕೆಲಸ ಬಿಟ್ ಮಾಡಲಿ.

ಬೀಳುವ ಪುಡಿಯನ್ನು ಗಮನಿಸಿ. ಟೈಲ್ಸ್‌ನ ಪುಡಿ ಬಿಳಿ ಅಥವಾ ತಿಳಿ ಬಣ್ಣ, ನುಣ್ಣಗೆ ಇರುತ್ತದೆ. ಅದು ಬೂದು ಬಣ್ಣಕ್ಕೆ ತಿರುಗಿದರೆ ಸಿಮೆಂಟ್ ಮುಟ್ಟಿದ್ದೀರಿ, ಆಮೇಲೆ ಕೆಂಪಾದರೆ ಇಟ್ಟಿಗೆ. ಬೂದು ಕಂಡ ಕೂಡಲೇ ನಿಲ್ಲಿಸಿ, ಗೋಡೆ ಕೊರೆಯುವ ಬಿಟ್ ಹಾಕಿ. ಟೈಲ್ಸ್ ದಾಟಿದ ಮೇಲೆ ಬೇಕಿದ್ದರೆ ಸುತ್ತಿಗೆ ಹೊಡೆತ ಆನ್ ಮಾಡಬಹುದು. ಕೊರೆಯುತ್ತಿದ್ದ ಹಾಗೆ ಕಬ್ಬಿಣ ತಾಗಿದ ಸದ್ದು ಬಂದರೆ ಅಲ್ಲಿಗೇ ಬಿಡಿ, ಜೋರು ಮಾಡಬೇಡಿ.

ಆಳ ಎಷ್ಟು? 30 ಎಂ.ಎಂ. ಉದ್ದದ ಪ್ಲಾಸ್ಟಿಕ್ ಪ್ಲಗ್ ಹಾಕುತ್ತೀರಿ, ಟೈಲ್ಸ್ 8 ಎಂ.ಎಂ. ದಪ್ಪ ಇದೆ ಅಂದರೆ ತೂತು 50 ಎಂ.ಎಂ. ಇರಲಿ. ಬಿಟ್‌ಗೆ ಅಷ್ಟು ಉದ್ದಕ್ಕೆ ಟೇಪು ಸುತ್ತಿಕೊಂಡರೆ ಗೊತ್ತಾಗುತ್ತದೆ. ಕೊರೆದಾದ ಮೇಲೆ ತೂತಿನ ಪುಡಿಯನ್ನು ಪೂರ್ತಿ ಹೊರಗೆ ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಒಳಗೆ ಹೋಗುವುದಿಲ್ಲ, ಹೋದರೂ ಹಿಡಿಯುವುದಿಲ್ಲ.

ಕೆಲಸ ಗೊತ್ತಿರುವವರೂ ತಪ್ಪುವ ಒಂದು ಜಾಗ ಇದೆ. ಪ್ಲಗ್‌ನ ಬಾಯಿ ಟೈಲ್ಸ್ ಮಟ್ಟಕ್ಕೆ ಬಂತು ಎಂದು ಅಲ್ಲೇ ಬಿಡುತ್ತಾರೆ. ಸ್ಕ್ರೂ ತಿರುಗಿಸಿದಾಗ ಪ್ಲಗ್ ಅಗಲವಾಗುತ್ತದೆ, ಅದು ಕೆಲಸ ಮಾಡುವುದೇ ಹಾಗೆ. ಟೈಲ್ಸ್ ಒಳಗೇ ಅಗಲವಾದರೆ ಟೈಲ್ಸ್ ಸೀಳುತ್ತದೆ. ಕೆಲವೊಮ್ಮೆ ಆ ಕ್ಷಣವೇ, ಕೆಲವೊಮ್ಮೆ ಮರುದಿನ ಕೂದಲೆಳೆಯ ಬಿರುಕಾಗಿ ಕಾಣುತ್ತದೆ. ಹಾಗಾಗಿ ಮೊಂಡು ಮೊಳೆಯೊಂದನ್ನು ಇಟ್ಟು ಮೆಲ್ಲಗೆ ತಟ್ಟಿ, ಪ್ಲಗ್ ಟೈಲ್ಸ್ ದಾಟಿ ಒಳಗೆ ಕೂರುವಂತೆ ಮಾಡಿ. ಸ್ಕ್ರೂ ಬ್ರಾಕೆಟ್, ಟೈಲ್ಸ್ ದಾಟಿ ಪ್ಲಗ್‌ನ ಕೊನೆಯವರೆಗೆ ಮುಟ್ಟಬೇಕು. ಈ ಲೆಕ್ಕಕ್ಕೆ 45 ಎಂ.ಎಂ. ಸ್ಕ್ರೂ ಸರಿ. ರಾಡ್ ಜೊತೆ ಡಬ್ಬದಲ್ಲಿ ಬರುವ ಸ್ಕ್ರೂ ಗಿಡ್ಡ ಇದ್ದರೆ ಎಸೆದುಬಿಡಿ. ಸ್ಟೇನ್‌ಲೆಸ್ ಸ್ಟೀಲ್‌ನದೇ ಕೊಳ್ಳಿ, ಹಬೆಗೆ ಬೇರೆಯವು ತುಕ್ಕು ಹಿಡಿಯುತ್ತವೆ.

ಪರೀಕ್ಷೆ

ಕೂಡಲೇ ಪಾತ್ರೆ ಹಾಕಬೇಡಿ. 2 ಲೀಟರ್ ನೀರಿನ ಐದು ಬಾಟಲಿಗಳನ್ನು ಬಟ್ಟೆ ಚೀಲಗಳಲ್ಲಿ ಹಾಕಿ ರಾಡ್ ಉದ್ದಕ್ಕೂ ನೇತುಹಾಕಿ. 10 ಕೆ.ಜಿ. ಆಯಿತು. ಕಟ್ಟೆ ಮೇಲೆ ದಪ್ಪ ಟವೆಲ್ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬ್ರಾಕೆಟ್‌ಗೂ ಟೈಲ್ಸ್‌ಗೂ ನಡುವೆ ಒಂದು ಕಾಗದ ತೂರಿಸಿ ನೋಡಿ. ಮೇಲ್ಗಡೆ ಕಾಗದ ಒಳಗೆ ಹೋದರೆ ಪ್ಲಗ್ ಜಾರುತ್ತಿದೆ. ಸ್ಕ್ರೂ ಬಿಗಿ ಮಾಡಿದರೆ ಸಾಲದು, ದಪ್ಪದ ಪ್ಲಗ್ ಹಾಕಿ ಮತ್ತೆ ಕೂರಿಸಬೇಕು.

ಬಾಡಿಗೆ ಮನೆ, ತೂತು ಹಾಕುವ ಹಾಗಿಲ್ಲ ಅನ್ನುವವರು ಅಂಟು ಕೊಕ್ಕೆಯನ್ನು ಸೌಟು, ಜರಡಿಗೆ ಮಾತ್ರ ಬಳಸಿ, ಕಬ್ಬಿಣಕ್ಕೆ ಬೇಡ. ಟೈಲ್ಸ್ ಮೇಲಿನ ಕಣ್ಣಿಗೆ ಕಾಣದ ಜಿಡ್ಡೇ ಅದನ್ನು ಬೀಳಿಸುವುದು. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಮತ್ತೆ ಸ್ಪಿರಿಟ್‌ನಲ್ಲಿ ಒರೆಸಿ ಅಂಟಿಸಿ. 24 ಗಂಟೆ ಏನೂ ಹಾಕಬೇಡಿ. ಕಾವಲಿಯನ್ನು ಕಪಾಟಿನಲ್ಲಿ ಅಡ್ಡ ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿ.

ಮುಚ್ಚಳಗಳಿಗೂ ಅದೇ ದಾರಿ. ತಟ್ಟೆ ನಿಲ್ಲಿಸುವ ಕಂಬಿಯ ಸ್ಟ್ಯಾಂಡ್ ಒಂದನ್ನು ಕಪಾಟಿನೊಳಗೆ ಇಟ್ಟು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿ.

ರಾಡ್‌ಗೆ ಪಾತ್ರೆ ಹಾಕುವಾಗ ಭಾರದ್ದನ್ನು ಬ್ರಾಕೆಟ್ ಹತ್ತಿರ, ಹಗುರದ್ದನ್ನು ನಡುವಿನ ಜಾಗಗಳಲ್ಲಿ ಹಾಕಿ. ಕಬ್ಬಿಣದ್ದನ್ನು ಪೂರ್ತಿ ಒಣಗಿಸಿಯೇ ನೇತುಹಾಕಿ, ಇಲ್ಲದಿದ್ದರೆ ನೀರು ಟೈಲ್ಸ್ ಮೇಲೆ ಇಳಿದು ತುಕ್ಕಿನ ಗೆರೆ ಬೀಳುತ್ತದೆ. ಒಂದು ತಿಂಗಳಾದ ಮೇಲೆ ಸ್ಕ್ರೂಗಳನ್ನು ಒಮ್ಮೆ ಕೈಯಿಂದ ಬಿಗಿ ಮಾಡಿ, ಆಮೇಲೆ ರಾಡ್ ಒರೆಸುವಾಗೆಲ್ಲ ಬ್ರಾಕೆಟ್ ಅಲುಗಾಡುತ್ತಿದೆಯೇ ಎಂದು ನೋಡಿದರೆ ಸಾಕು.