ವಿದ್ಯುತ್ಕಾಂತದ ಕೆಳಗೆ ಗುಂಡನ್ನು ನಿಲ್ಲಿಸಿದ್ದು: ಅಳತೆಯಿಂದ ಲೀಡ್ ನಿಯಂತ್ರಕದವರೆಗೆ

ವಿದ್ಯುತ್ಕಾಂತದ ಕೆಳಗೆ 20 ಮಿ.ಮೀ. ವ್ಯಾಸದ ಉಕ್ಕಿನ ಗುಂಡೊಂದನ್ನು ಯಾವ ಆಸರೆಯೂ ಇಲ್ಲದೆ ನಿಲ್ಲಿಸಬೇಕೆಂದರೆ, ಮೊದಲು ಅದು ತಾನಾಗಿ ಏಕೆ ನಿಲ್ಲುವುದಿಲ್ಲ ಎಂಬುದನ್ನು ಅಂಕಿಗಳಲ್ಲಿ ತಿಳಿದುಕೊಳ್ಳಬೇಕು. ಕಾಂತದ ಸೆಳೆತ ಅಂತರ ಕಡಿಮೆಯಾದಂತೆ ಹೆಚ್ಚುತ್ತದೆ. ಗುಂಡಿನ ತೂಕವೂ ಸೆಳೆತವೂ ಸರಿಸಮವಾಗುವ ಒಂದು ಜಾಗವಿದ್ದರೂ ಗುಂಡು ಅಲ್ಲಿಂದ ಕೂದಲೆಳೆಯಷ್ಟು ಮೇಲೆ ಸರಿದರೆ ಸೆಳೆತವೇ ಗೆದ್ದು ಅದು ಕಾಂತಕ್ಕೆ ಅಂಟಿಕೊಳ್ಳುತ್ತದೆ, ಕೆಳಗೆ ಸರಿದರೆ ತೂಕ ಗೆದ್ದು ಬೀಳುತ್ತದೆ. ಆದ್ದರಿಂದ ಗುಂಡಿನ ಸ್ಥಾನವನ್ನು ಸದಾ ಅಳೆಯುತ್ತ ಕಾಂತದ ಕರೆಂಟನ್ನು ತಿದ್ದುತ್ತಿರುವುದೊಂದೇ ದಾರಿ. ನಾನು ಇದನ್ನು ಮೈಕ್ರೋಕಂಟ್ರೋಲರ್ ಬಳಸದೆ ಆಪ್-ಆಂಪ್‌ಗಳಿಂದಲೇ ಮಾಡಿದೆ. ಪ್ರತಿಯೊಂದು ರೆಸಿಸ್ಟರಿನ ಬೆಲೆಯೂ ಯಾವ ಅಳತೆಯಿಂದ ಹುಟ್ಟಿತು ಎಂಬುದು ಹಾಗೆ ಮಾಡಿದಾಗ ಕಣ್ಣೆದುರಿಗೇ ಇರುತ್ತದೆ.

ಕಾಂತಕ್ಕಾಗಿ 12 ಮಿ.ಮೀ. ದಪ್ಪದ ಮೆದು ಕಬ್ಬಿಣದ ಬೋಲ್ಟಿನ ಮೇಲೆ 24 ಗೇಜಿನ ಎನಾಮೆಲ್ ತಾಮ್ರದ ತಂತಿಯನ್ನು ಸುಮಾರು 1200 ಸುತ್ತು ಸುತ್ತಿದ್ದೆ. ಅದರ ರೋಧ ಸುಮಾರು 6.5 ಓಮ್, ಇಂಡಕ್ಟೆನ್ಸ್ ಸುಮಾರು 60 ಮಿಲಿಹೆನ್ರಿ. ಗುಂಡಿನ ತೂಕ 33 ಗ್ರಾಂ. ಗುಂಡಿನ ಮೇಲಂಚಿಗೆ ತಾಗುವಂತೆ ಅಡ್ಡಲಾಗಿ ಹಾಯುವ ಇನ್ಫ್ರಾರೆಡ್ ಬೆಳಕು ಮತ್ತು ಅದರ ಎದುರಿನ ಫೋಟೋಟ್ರಾನ್ಸಿಸ್ಟರ್ ಸ್ಥಾನವನ್ನು ಅಳೆಯುತ್ತವೆ. ಗುಂಡು ಇಳಿದಂತೆ ಹೆಚ್ಚು ಬೆಳಕು ದಾಟುತ್ತದೆ, ವೋಲ್ಟೇಜ್ ಏರುತ್ತದೆ. ಇದರ ಇಳಿಜಾರನ್ನು ಒಂದು ಮಿ.ಮೀ.ಗೆ ಒಂದು ವೋಲ್ಟ್ ಬರುವಂತೆ ಹೊಂದಿಸಿಕೊಂಡೆ.

ಈ ಕೆಲಸದ ಇಡೀ ಭಾರ ಹೊತ್ತಿರುವುದು ಒಂದು ಸರಳ ಅಳತೆ. ಗುಂಡನ್ನು ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಕೂರಿಸಿ, ಕಾಂತದ ತುದಿಗೂ ಗುಂಡಿಗೂ ಗೊತ್ತಾದ ಅಂತರವಿಟ್ಟು, ಕರೆಂಟನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತ ಗುಂಡು ಜಿಗಿದ ಕ್ಷಣದ ಕರೆಂಟನ್ನು ಬರೆದಿಟ್ಟುಕೊಳ್ಳಬೇಕು. ಬೋಲ್ಟಿನಲ್ಲಿ ಹಿಂದಿನ ಕಾಂತತ್ವ ಸ್ವಲ್ಪ ಉಳಿದುಕೊಳ್ಳುವುದರಿಂದ ಪ್ರತಿ ಸಲವೂ ಏರಿಕೆಯ ದಿಕ್ಕಿನಲ್ಲೇ ಅಳೆಯುವುದು ಮುಖ್ಯ. ನನಗೆ 4, 6, 8 ಮತ್ತು 10 ಮಿ.ಮೀ. ಅಂತರಗಳಿಗೆ ಕ್ರಮವಾಗಿ 0.48, 0.65, 0.80 ಮತ್ತು 0.97 ಆಂಪಿಯರ್ ಸಿಕ್ಕಿತು. ಈ ಬಿಂದುಗಳು ನೆಟ್ಟಗಿನ ಗೆರೆಯ ಮೇಲೆಯೇ ಬಂದವು, ಆದರೆ ಆ ಗೆರೆ ಮೂಲಬಿಂದುವಿನ ಮೂಲಕ ಹಾಯದೆ ಸೊನ್ನೆ ಕರೆಂಟನ್ನು ಸುಮಾರು −2 ಮಿ.ಮೀ.ಯಲ್ಲಿ ಮುಟ್ಟಿತು. ಅಂದರೆ ಬಲದ ಸೂತ್ರದಲ್ಲಿ ಬರಬೇಕಾದ ಅಂತರ ನಾನು ಸ್ಕೇಲಿನಲ್ಲಿ ಅಳೆದದ್ದಲ್ಲ, ಅದಕ್ಕಿಂತ 2 ಮಿ.ಮೀ. ಹೆಚ್ಚಿನದು. x ಎಂಬುದನ್ನು ಕೆಳಮುಖವಾಗಿ ಅಳೆದ ಅಂತರವೆಂದು ಹಿಡಿದು, ಆ 2 ಮಿ.ಮೀ.ಯನ್ನು d ಎಂದು ಕರೆದರೆ ಚಲನೆಯ ಸಮೀಕರಣ ಹೀಗಾಗುತ್ತದೆ:

```
m·x'' = m·g − C·i² / (x + d)²
```

8 ಮಿ.ಮೀ. ಅಂತರ ಮತ್ತು 0.80 ಆಂಪಿಯರನ್ನು ಕಾರ್ಯಬಿಂದುವಾಗಿ ಆರಿಸಿಕೊಂಡೆ. ಅಲ್ಲಿ ಸೆಳೆತ ತೂಕಕ್ಕೆ ಸಮವಾಗಿರುವುದರಿಂದ, ಆ ಬಿಂದುವಿನ ಸುತ್ತ ರೇಖೀಕರಿಸುವಾಗ C ಮತ್ತು m ಎರಡೂ ಕಳಚಿಹೋಗುತ್ತವೆ. ಉಳಿಯುವುದು ಇಷ್ಟೇ:

```
δx'' = a·δx − b·δi
a = 2g/(x0 + d) = 19.62/0.010 = 1962
b = 2g/i0       = 19.62/0.80  = 24.5
```

a ಧನಾತ್ಮಕವಾಗಿರುವುದೇ ಅಸ್ಥಿರತೆ. ಈ ಸಮೀಕರಣದ ಪೋಲ್‌ಗಳು a ದ ವರ್ಗಮೂಲದಲ್ಲಿ, ಅಂದರೆ +44.3 ಮತ್ತು −44.3ರಲ್ಲಿವೆ. ಕರೆಂಟನ್ನು ಬದಲಿಸದೆ ಗುಂಡನ್ನು ಸಮತೋಲದಿಂದ 0.1 ಮಿ.ಮೀ. ದೂರದಲ್ಲಿ ಬಿಟ್ಟರೆ, ಆ ದೂರ ಒಂದು ಮಿ.ಮೀ. ಆಗಲು ಸುಮಾರು 68 ಮಿಲಿಸೆಕೆಂಡು ಸಾಕು. ಕೈಯಿಂದ ಕರೆಂಟಿನ ಗುಂಡಿ ತಿರುಗಿಸಿ ಇದನ್ನು ಹಿಡಿಯಲಾಗುವುದಿಲ್ಲ. ಎಲೆಕ್ಟ್ರಾನಿಕ್ಸ್‌ಗಾದರೋ ಇದು ಧಾರಾಳವಾದ ಸಮಯ.

ಸ್ಥಾನದ ದೋಷಕ್ಕೆ ತಕ್ಕಷ್ಟು ಕರೆಂಟು ಕೊಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಮಿ.ಮೀ.ಗೆ ಇಷ್ಟು ಆಂಪಿಯರ್ ಎಂಬ ಗೇನ್ ಕೊಟ್ಟಾಗ a ದಿಂದ ಗೇನ್ ಮತ್ತು b ಗಳ ಗುಣಲಬ್ಧ ಕಳೆಯುತ್ತದೆ. ಕಳೆದದ್ದು ಹೆಚ್ಚಾಗಿದ್ದರೆ ಗುಂಡಿಗೆ ಸ್ಪ್ರಿಂಗ್ ಕಟ್ಟಿದಂತಾಗುತ್ತದೆ. ಆದರೆ ಆ ಸ್ಪ್ರಿಂಗಿಗೆ ಡ್ಯಾಂಪಿಂಗೇ ಇಲ್ಲ, ಅಲುಗಾಟವನ್ನು ತಗ್ಗಿಸುವ ಯಾವ ಪದವೂ ಸಮೀಕರಣದಲ್ಲಿಲ್ಲ. ಕಾಯಿಲಿನ ವಿಳಂಬವನ್ನು ಲೆಕ್ಕಕ್ಕೆ ಸೇರಿಸಿದರೆ ಸ್ಥಿತಿ ಇನ್ನೂ ಕೆಡುತ್ತದೆ: ಮೂರನೆಯ ಘಾತದ ಆ ಸಮೀಕರಣದಲ್ಲಿ s ನ ಗುಣಾಂಕ ಋಣಾತ್ಮಕವಾಗಿಯೇ ಉಳಿಯುವುದರಿಂದ ಯಾವ ಗೇನೂ ಗುಂಡನ್ನು ನಿಲ್ಲಿಸಲಾರದು. ದೋಷ ಎಷ್ಟಿದೆ ಎಂಬುದರ ಜೊತೆಗೆ ಅದು ಯಾವ ವೇಗದಲ್ಲಿ ಬೆಳೆಯುತ್ತಿದೆ ಎಂಬುದಕ್ಕೂ ನಿಯಂತ್ರಕ ಸ್ಪಂದಿಸಬೇಕು. ಲೀಡ್ ಜಾಲ ಮಾಡುವುದು ಅದನ್ನೇ, ಅದೂ ಶುದ್ಧ ಅವಕಲನದಂತೆ ಗದ್ದಲವನ್ನು ಮಿತಿಯಿಲ್ಲದೆ ಹಿಗ್ಗಿಸದೆ.

ಲೀಡ್‌ನ ಝೀರೋವನ್ನು −44.3ರಲ್ಲಿ, ಅಂದರೆ ಸ್ಥಿರವಾದ ಪೋಲ್‌ನ ಮೇಲೆಯೇ ಇಟ್ಟೆ. ಸ್ಥಿರ ಪೋಲನ್ನು ಹೀಗೆ ರದ್ದು ಮಾಡುವುದರಿಂದ ತೊಂದರೆಯಿಲ್ಲ, ಲೆಕ್ಕ ಎರಡನೆಯ ಘಾತಕ್ಕೆ ಇಳಿಯುತ್ತದೆ. ಅಸ್ಥಿರವಾದ +44.3ನ್ನು ಇದೇ ರೀತಿ ರದ್ದು ಮಾಡಲು ಹೋಗಬಾರದು. ಕಾಗದದ ಮೇಲೆ ಅದು ಮಾಯವಾದರೂ ಗುಂಡಿನೊಳಗೆ ಆ ಚಲನೆ ಬೆಳೆಯುತ್ತಲೇ ಇರುತ್ತದೆ. ಲೀಡ್‌ನ ಪೋಲನ್ನು ಹತ್ತು ಪಟ್ಟು ದೂರದಲ್ಲಿ, −443ರಲ್ಲಿ ಇಟ್ಟಾಗ ಮುಚ್ಚಿದ ಲೂಪಿನ ಸಮೀಕರಣ ಹೀಗಾಯಿತು:

```
G(s) = K (s + 44.3)/(s + 443)
s² + 398.7 s + (b·K − 19625) = 0
```

ಎರಡೂ ಮೂಲಗಳು −200ರ ಹತ್ತಿರ ಒಂದಾಗಬೇಕೆಂದು ಬಯಸಿದರೆ b·K ಸುಮಾರು 59,400 ಆಗಬೇಕು, ನಿಧಾನ ಬದಲಾವಣೆಗಳಿಗೆ ನಿಯಂತ್ರಕದ ಗೇನ್ ಮಿ.ಮೀ.ಗೆ 0.24 ಆಂಪಿಯರ್ ಆಗುತ್ತದೆ. ಗುಂಡಿನ ಕಡೆಯಿಂದ ಬರುವ ಫೇಸ್ ಎಲ್ಲ ಆವರ್ತನಗಳಲ್ಲೂ −180 ಡಿಗ್ರಿಯೇ ಆಗಿರುವುದರಿಂದ, ಲೀಡ್ ಜಾಲ ಎಷ್ಟು ಡಿಗ್ರಿ ಸೇರಿಸುತ್ತದೆಯೋ ಅಷ್ಟೇ ನಮ್ಮ ಫೇಸ್ ಮಾರ್ಜಿನ್. ಇಲ್ಲಿ ಗೇನ್ ಒಂದಕ್ಕೆ ಇಳಿಯುವುದು ಸೆಕೆಂಡಿಗೆ 121 ರೇಡಿಯನ್ ಸುಮಾರಿನಲ್ಲಿ. ಅಲ್ಲಿ ಲೀಡ್ ಕೊಡುವುದು 55 ಡಿಗ್ರಿ, ಅದರಲ್ಲಿ ಸುಮಾರು 5 ಡಿಗ್ರಿಯನ್ನು ಕರೆಂಟ್ ಡ್ರೈವರ್ ನುಂಗುತ್ತದೆ.

ಈ ಲೆಕ್ಕದಲ್ಲಿ ನನಗೆ ಬಹಳ ಹಿಡಿಸಿದ ಅಂಶವೊಂದಿದೆ. ಗುಂಡು ನಿಲ್ಲಲು ಬೇಕಾದ ಕನಿಷ್ಠ ಗೇನ್ a/b, ಅಂದರೆ ಮಿ.ಮೀ.ಗೆ 0.08 ಆಂಪಿಯರ್. ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಅಳೆದು ಎಳೆದ ಗೆರೆಯ ಇಳಿಜಾರೂ ಅದೇ! ಇದು ಕಾಕತಾಳೀಯವಲ್ಲ. ಗುಂಡು ಒಂದು ಮಿ.ಮೀ. ಇಳಿದಾಗ ಅದನ್ನು ಅಲ್ಲಿಯೇ ಹಿಡಿದಿಡಲು ಎಷ್ಟು ಹೆಚ್ಚುವರಿ ಕರೆಂಟು ಬೇಕೆಂದು ಆ ಗೆರೆ ಹೇಳುತ್ತದೆ. ನಿಯಂತ್ರಕ ಅದಕ್ಕಿಂತ ಹೆಚ್ಚು ಕೊಟ್ಟರೆ ಮಾತ್ರ ಗುಂಡು ಹಿಂದಕ್ಕೆ ಮೇಲೇರುತ್ತದೆ. ಬಲದ ಸೂತ್ರವನ್ನು ನಂಬದಿದ್ದರೂ ಈ ಮಾತು ನಿಲ್ಲುತ್ತದೆ. ನನ್ನ 0.24 ಇದರ ಮೂರು ಪಟ್ಟು.

ಲೀಡ್ ಜಾಲವನ್ನು ಒಂದು ಇನ್ವರ್ಟಿಂಗ್ ಆಪ್-ಆಂಪಿನಿಂದ ಕಟ್ಟಿದೆ. ಇನ್‌ಪುಟ್ ಕಡೆ 91 ಕಿಲೋಓಮ್ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ ಒಂದರ ಹಿಂದೊಂದು ಜೋಡಿಸಿದ 10 ಕಿಲೋಓಮ್ ಮತ್ತು 0.22 ಮೈಕ್ರೋಫ್ಯಾರಡ್. ಫೀಡ್‌ಬ್ಯಾಕ್‌ನಲ್ಲಿ 22 ಕಿಲೋಓಮ್‌ಗೆ ತಿರುಗಿಸಿಟ್ಟ ಪಾಟ್. ಇದರಿಂದ ಝೀರೋ 45, ಪೋಲ್ 455 ಆಗುತ್ತವೆ. ಇಷ್ಟು ಹತ್ತಿರ ಬಂದರೆ ಸಾಕು. ಮುಂದಿನ ಆಪ್-ಆಂಪ್ ಚಿಹ್ನೆಯನ್ನು ಮತ್ತೆ ತಿರುಗಿಸಿ 0.80 ಆಂಪಿಯರಿಗೆ ತಕ್ಕ ವೋಲ್ಟೇಜನ್ನು ಕೂಡಿಸುತ್ತದೆ.

ನಿಜವಾದ ಕಷ್ಟವಿರುವುದು ಕರೆಂಟ್ ಡ್ರೈವರಿನಲ್ಲಿ. ಮೇಲಿನ ಲೆಕ್ಕವೆಲ್ಲ ಕೇಳಿದ ಕರೆಂಟು ತಕ್ಷಣ ಕಾಯಿಲಿನಲ್ಲಿ ಹರಿಯುತ್ತದೆ ಎಂದು ಹಿಡಿದಿದೆ. ಬರೀ ವೋಲ್ಟೇಜ್ ಕೊಟ್ಟರೆ ಕಾಯಿಲು 9 ಮಿಲಿಸೆಕೆಂಡಿನ ಕಾಲಸ್ಥಿರಾಂಕದಿಂದ ಹಿಂದುಳಿಯುತ್ತದೆ. ಆ ವಿಳಂಬವೊಂದೇ ಗೇನ್ ಒಂದಕ್ಕೆ ಇಳಿಯುವ ಜಾಗದಲ್ಲಿ 48 ಡಿಗ್ರಿಯಷ್ಟು ಕಸಿದುಕೊಂಡು ಲೀಡ್‌ನ ಶ್ರಮವನ್ನು ಬಹುಮಟ್ಟಿಗೆ ವ್ಯರ್ಥಗೊಳಿಸುತ್ತದೆ. ಆದ್ದರಿಂದ ಮಾಸ್‌ಫೆಟ್‌ನ ಸೋರ್ಸಿನಲ್ಲಿ 1 ಓಮ್ ರೆಸಿಸ್ಟರ್ ಇಟ್ಟು, ಅದರ ವೋಲ್ಟೇಜನ್ನು ಆಪ್-ಆಂಪ್ ಹೋಲಿಸಿ ತಿದ್ದುವಂತೆ ಒಳಲೂಪ್ ಕಟ್ಟಿದೆ. ಪೂರೈಕೆ 24 ವೋಲ್ಟ್ ಇದ್ದರೆ ಕರೆಂಟನ್ನು 0.4 ಆಂಪಿಯರ್ ಏರಿಸಲು ಸುಮಾರು 1.3 ಮಿಲಿಸೆಕೆಂಡು ಹಿಡಿಯುತ್ತದೆ. 12 ವೋಲ್ಟಿನಲ್ಲಿ ಅದಕ್ಕೆ ಮೂರೂವರೆ ಮಿಲಿಸೆಕೆಂಡಿನ ಹತ್ತಿರ ಬೇಕು.

ಏರಿಕೆಯಷ್ಟೇ ಇಳಿಕೆಯೂ ಚುರುಕಾಗಿರಬೇಕು. ಕಾಯಿಲಿಗೆ ಅಡ್ಡಲಾಗಿ ಬರೀ ಡಯೋಡ್ ಇಟ್ಟು ನೋಡಿದಾಗ ಗುಂಡು ಕೆಳಗೆ ಬೀಳುತ್ತಿರಲಿಲ್ಲ, ಪ್ರತಿ ಸಲವೂ ಅಲುಗಾಟ ಬೆಳೆದು ಮೇಲಕ್ಕೆ ಬಡಿದು ಅಂಟಿಕೊಳ್ಳುತ್ತಿತ್ತು. ಆಸಿಲೋಸ್ಕೋಪಿನಲ್ಲಿ 1 ಓಮ್‌ನ ವೋಲ್ಟೇಜ್ ಮಾತ್ರ ನೋಡಿದರೆ ಇದು ತಿಳಿಯದು, ಏಕೆಂದರೆ ಮಾಸ್‌ಫೆಟ್ ಮುಚ್ಚಿದಾಗ ಕಾಯಿಲಿನ ಕರೆಂಟು ಡಯೋಡಿನ ಮೂಲಕ ಸುತ್ತುತ್ತದೆ. ಕಾಯಿಲಿಗೇ ಸರಣಿಯಲ್ಲಿ ಇನ್ನೊಂದು ಸಣ್ಣ ರೆಸಿಸ್ಟರ್ ಇಟ್ಟು ನೋಡಿದಾಗ, ಕರೆಂಟು ಏರುವಾಗ ಕಡಿದಾದ ಗೆರೆ, ಇಳಿಯುವಾಗ ಎಳೆದಾಡುವ ಬಾಲ ಕಂಡಿತು. ಡಯೋಡಿನ ಸರಣಿಯಲ್ಲಿ 30 ವೋಲ್ಟಿನ ಝೀನರ್ ಸೇರಿಸಿದ ಮೇಲೆ ಇಳಿಕೆಯೂ ಏರಿಕೆಯಷ್ಟೇ ಕಡಿದಾಯಿತು. ಆಗ ಮಾಸ್‌ಫೆಟ್ ಮೇಲೆ 54 ವೋಲ್ಟ್ ಬೀಳುವುದರಿಂದ 100 ವೋಲ್ಟ್ ತಾಳುವುದನ್ನೇ ಹಾಕಬೇಕು.

ಗುಂಡನ್ನು ಬೆರಳುಗಳಲ್ಲಿ ಹಿಡಿದು ಕೆಳಗಿನಿಂದ ಮೇಲೇರಿಸುವಾಗ ಲೂಪ್ ಹಿಡಿಯುವ ಕ್ಷಣ ಬೆರಳಿಗೇ ತಿಳಿಯುತ್ತದೆ. ಅಲ್ಲಿಯವರೆಗೆ ಕೆಳಕ್ಕೆ ಜಗ್ಗುತ್ತಿದ್ದ ಗುಂಡು ಹಗುರಾಗುತ್ತದೆ, ಮೇಲಕ್ಕೆ ಒತ್ತಿದರೆ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಆಗ ಬೆರಳು ಬಿಡಬಹುದು. ಮೊದಲ ಬಾರಿ ಬಿಟ್ಟಾಗ ಕಾಯಿಲು ಜೋರಾಗಿ ಗುಂಯ್ಗುಡುತ್ತಿತ್ತು, ಕೋಣೆಯ ಟ್ಯೂಬ್‌ಲೈಟ್ ಆರಿಸಿದೊಡನೆ ಆ ಸದ್ದು ನಿಂತಿತು. ಟ್ಯೂಬ್‌ಲೈಟಿನ 100 ಹರ್ಟ್ಸ್ ಮಿನುಗು ಫೋಟೋಟ್ರಾನ್ಸಿಸ್ಟರನ್ನು ಸೇರುತ್ತಿತ್ತು. ಆ ಆವರ್ತನದಲ್ಲಿ ಲೀಡ್‌ನ ಗೇನ್ ನಿಧಾನ ಸಂಕೇತಗಳಿಗಿರುವುದಕ್ಕಿಂತ ಎಂಟು ಪಟ್ಟು ಹೆಚ್ಚು, ಹೀಗಾಗಿ 0.1 ವೋಲ್ಟಿನ ಅಲೆ 0.2 ಆಂಪಿಯರಿನ ಕರೆಂಟಾಗುತ್ತಿತ್ತು. ಫೋಟೋಟ್ರಾನ್ಸಿಸ್ಟರಿಗೆ ಕಪ್ಪು ಕಾಗದದ ಕೊಳವೆ ತೊಡಿಸಿದ ಮೇಲೆ ದೀಪವಿದ್ದರೂ ಕಾಯಿಲು ಸದ್ದು ಮಾಡಲಿಲ್ಲ.

ಮಾದರಿ ಎಷ್ಟು ನಿಜ ಎಂದು ಪರೀಕ್ಷಿಸಲು ಗುಂಡು ನಿಂತಿರುವಾಗಲೇ ಪಾಟನ್ನು ನಿಧಾನವಾಗಿ ಇಳಿಸುತ್ತ ಹೋದೆ. ಕನಿಷ್ಠ ಗೇನ್ 0.08 ಎಂದರೆ 91 ಕಿಲೋಓಮ್‌ನ ಎದುರು 7.3 ಕಿಲೋಓಮ್. ಗುಂಡು ಕೈಬಿಟ್ಟದ್ದು 8 ಕಿಲೋಓಮ್ ಸುಮಾರಿನಲ್ಲಿ, ಅದೂ ಅಲುಗಾಡದೆ ಮೆಲ್ಲನೆ ಜಾರಿ. ಗೇನ್ ಕಡಿಮೆಯಾಗಿ ತಪ್ಪುವ ಗುಂಡು ಹೀಗೆ ಒಂದೇ ದಿಕ್ಕಿಗೆ ಜಾರುತ್ತದೆ, ಫೇಸ್ ಕಡಿಮೆಯಾಗಿ ತಪ್ಪುವ ಗುಂಡು ಅಲುಗಾಡುತ್ತಲೇ ತಪ್ಪುತ್ತದೆ. ಲೂಪ್ ನಿಲ್ಲದಿದ್ದಾಗ ಯಾವುದನ್ನು ತಿದ್ದಬೇಕೆಂದು ನಾನು ನಿರ್ಧರಿಸುವುದು ಇದನ್ನು ನೋಡಿಯೇ.

ಸ್ಥಾನದ ಗುರಿಯನ್ನು ಬದಲಿಸುವಾಗಲೂ ಅಸ್ಥಿರ ವ್ಯವಸ್ಥೆಯ ಗುಣ ಕಾಣುತ್ತದೆ. ಗೇನ್ ಕನಿಷ್ಠದ ಮೂರು ಪಟ್ಟಿರುವಾಗ ಗುರಿಯನ್ನು ಒಂದು ಮಿ.ಮೀ. ಕೆಳಗಿಳಿಸಿದರೆ ಗುಂಡು ಒಂದೂವರೆ ಮಿ.ಮೀ. ಇಳಿದು ನಿಲ್ಲುತ್ತದೆ. ಇಂಟಿಗ್ರೇಟರ್ ಸೇರಿಸಿದರೆ ಇದು ಸರಿಹೋಗುತ್ತದೆ, ಆದರೆ ಅದು ಫೇಸ್ ಮಾರ್ಜಿನ್ನಿನ ಕೆಲವು ಡಿಗ್ರಿಗಳನ್ನು ತಿನ್ನುತ್ತದೆ. ನಾನು ಅದನ್ನು ಸೇರಿಸದೆ ಗುರಿಯ ಪಾಟಿನ ಗುರುತುಗಳನ್ನೇ ಒಂದೂವರೆ ಪಟ್ಟಿಗೆ ಬರೆದುಕೊಂಡೆ. ಈ ಹೊಂದಾಣಿಕೆ ಕಾರ್ಯಬಿಂದುವಿನ ಆಚೀಚೆ ಒಂದೂವರೆ ಮಿ.ಮೀ.ವರೆಗೆ ಮಾತ್ರ ನಡೆಯುತ್ತದೆ. ಅದರಾಚೆ ಬೆಳಕು ಪೂರ್ತಿ ಮುಚ್ಚಿಯೋ ಪೂರ್ತಿ ತೆರೆದೋ ಸೆನ್ಸರಿನ ಇಳಿಜಾರು ಸೊನ್ನೆಯಾಗುತ್ತದೆ, ಅದರೊಂದಿಗೆ ಲೂಪಿನ ಗೇನೂ ಸೊನ್ನೆಯಾಗಿ ಗುಂಡು ಕೈತಪ್ಪುತ್ತದೆ.