ಬಡ್ಡಿ ಏರಿದಾಗ ಎಷ್ಟು ಕೆಲಸ ಹೋಗುತ್ತದೆ? ಅಂದಾಜು ಮಾಡುವ ಕ್ರಮ

ಹಾಸನದ ಹೊಸ ಬಡಾವಣೆಗಳಲ್ಲಿ ಅರ್ಧಕ್ಕೆ ನಿಂತ ಮನೆಗಳನ್ನು ಕಂಡಾಗ, ಸಾಲದ ಬಡ್ಡಿ ಏರಿದ್ದರಿಂದ ಗಾರೆ ಕೆಲಸದವರಲ್ಲಿ ಎಷ್ಟು ಜನ ಕೆಲಸ ಕಳೆದುಕೊಂಡಿರಬಹುದು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತ್ತು. ಇಂಥ ಬಿಗಿ ಹಣಕಾಸು ನೀತಿಯ ಪರಿಣಾಮವನ್ನು ಅಳೆಯಲು ಅರ್ಥಶಾಸ್ತ್ರಜ್ಞರು ಬಳಸುವ ಸಾಧನವನ್ನು ಅಮೆರಿಕದ ಆರ್ಥರ್ ಓಕುನ್ 1962ರಲ್ಲಿ ಮುಂದಿಟ್ಟರು.

ಮೊದಲು ಎರಡು ಮಾತುಗಳನ್ನು ತಿಳಿಯಬೇಕು. ದೇಶದ ಕಾರ್ಖಾನೆ ಮತ್ತು ಕಾರ್ಮಿಕರು ಅತಿಯಾಗಿ ದಣಿಯದೆ, ಬೆಲೆಗಳನ್ನೂ ಕೆರಳಿಸದೆ ಕೊಡಬಲ್ಲ ಉತ್ಪಾದನೆಯೇ ಸಂಭಾವ್ಯ ಉತ್ಪಾದನೆ. ಅದಕ್ಕೂ ನಿಜವಾದ ಜಿಡಿಪಿಗೂ ನಡುವಿನ ವ್ಯತ್ಯಾಸವೇ ಉತ್ಪಾದನಾ ಅಂತರ. ಬೇಡಿಕೆ ಕುಸಿದು ಈ ಅಂತರ ಹಿಗ್ಗಿದಾಗ ಹುಟ್ಟುವ ನಿರುದ್ಯೋಗಕ್ಕೆ ಆವರ್ತಕ ನಿರುದ್ಯೋಗ ಎನ್ನುತ್ತಾರೆ. ಜನ ಒಂದು ಕೆಲಸ ಬಿಟ್ಟು ಇನ್ನೊಂದನ್ನು ಹುಡುಕುವಾಗ ಸದಾ ಇರುವ ನಿರುದ್ಯೋಗ ಇದರಲ್ಲಿ ಸೇರುವುದಿಲ್ಲ.

ಬೆಳವಣಿಗೆ ಕುಗ್ಗಿದಾಗ ನಿರುದ್ಯೋಗ ಎಷ್ಟು ಏರುತ್ತದೆ ಎಂದು ಹೇಳುವ ಓಕುನ್ ಲೆಕ್ಕದ ಸರಳ ರೂಪ ಹೀಗಿದೆ.

```
Δu = −0.5 × (g − 3)
```

ಇಲ್ಲಿ g ಎಂದರೆ ಬೆಲೆ ಏರಿಕೆ ಕಳೆದ ನಂತರದ ಜಿಡಿಪಿ ಬೆಳವಣಿಗೆ, 3 ಎಂದರೆ ಆ ಕಾಲದ ಅಮೆರಿಕದ ಸಂಭಾವ್ಯ ಬೆಳವಣಿಗೆ (ಸುಮಾರಾಗಿ), Δu ಎಂದರೆ ನಿರುದ್ಯೋಗ ದರದಲ್ಲಾಗುವ ಬದಲಾವಣೆ. ಗುಣಾಂಕ 1 ಆಗದೆ 0.5 ಆಗಿರುವುದಕ್ಕೆ ಕಾರಣವಿದೆ: ಬೇಡಿಕೆ ಇಳಿದಾಗ ಮಾಲೀಕರು ಮೊದಲು ಹೆಚ್ಚುವರಿ ಪಾಳಿಯನ್ನು ನಿಲ್ಲಿಸುತ್ತಾರೆ, ಪಳಗಿದ ಕೆಲಸಗಾರರನ್ನು ಬಿಡದೆ ಉಳಿಸಿಕೊಳ್ಳುತ್ತಾರೆ, ಕೆಲವರಂತೂ ಕೆಲಸ ಹುಡುಕುವುದನ್ನೇ ಬಿಟ್ಟು ಲೆಕ್ಕದಿಂದ ಹೊರಗುಳಿಯುತ್ತಾರೆ.

ಈಗ 1982ರ ಅಮೆರಿಕವನ್ನು ತೆಗೆದುಕೊಳ್ಳೋಣ. ಪಾಲ್ ವೋಲ್ಕರ್ ನೇತೃತ್ವದ ಫೆಡರಲ್ ರಿಸರ್ವ್ ಹಣದುಬ್ಬರ ತಗ್ಗಿಸಲು ಬಡ್ಡಿಯನ್ನು ಶೇ 19ರ ಆಚೀಚೆ ಏರಲು ಬಿಟ್ಟಿತ್ತು. ಆ ವರ್ಷ ಜಿಡಿಪಿ ಶೇ 1.8ರಷ್ಟು ಕುಗ್ಗಿತು. ಅಂದರೆ g − 3 ಎಂಬುದು −4.8, ಅದನ್ನು −0.5ರಿಂದ ಗುಣಿಸಿದರೆ 2.4 ಬರುತ್ತದೆ. ವಾರ್ಷಿಕ ನಿರುದ್ಯೋಗ ದರ ನಿಜಕ್ಕೂ 7.6ರಿಂದ 9.7ಕ್ಕೆ, ಅಂದರೆ 2.1 ಅಂಶ ಏರಿತು. ಒರಟು ಸೂತ್ರಕ್ಕೆ ಇದು ಒಳ್ಳೆಯ ಹೊಂದಿಕೆಯೇ. ದುಡಿಮೆಗೆ ಲಭ್ಯರಿದ್ದವರು ಸುಮಾರು 11 ಕೋಟಿ ಇದ್ದುದರಿಂದ, ಸೂತ್ರದ ಪ್ರಕಾರ ಹೆಚ್ಚಿದ ನಿರುದ್ಯೋಗಿಗಳು ಸುಮಾರು 26 ಲಕ್ಷ. ವಾಸ್ತವದಲ್ಲಿ ಹೆಚ್ಚಿದವರು ಸುಮಾರು 24 ಲಕ್ಷ.

ಇಲ್ಲಿ ಬಹುಪಾಲು ಜನ ಎಡವುವ ಜಾಗವೊಂದಿದೆ. ಈ 24 ಲಕ್ಷ ಜನರನ್ನೂ ಕೆಲಸದಿಂದ ತೆಗೆದರು ಎಂದು ಬರೆದರೆ ತಪ್ಪಾಗುತ್ತದೆ. ಆ ವರ್ಷ ಉದ್ಯೋಗದಲ್ಲಿದ್ದವರ ಸಂಖ್ಯೆ ಇಳಿದದ್ದು ಸುಮಾರು 9 ಲಕ್ಷ ಮಾತ್ರ. ಉಳಿದ 15 ಲಕ್ಷದಷ್ಟು ಏರಿಕೆ ಬಂದದ್ದು, ಹೊಸದಾಗಿ ದುಡಿಮೆಗೆ ಬಂದವರಿಗೆ ತಕ್ಕಷ್ಟು ಕೆಲಸ ಹುಟ್ಟದೆ ಹೋದದ್ದರಿಂದ. ಹಾಗಾಗಿ ಈ ಸೂತ್ರ ಹೇಳುವ ನಷ್ಟದಲ್ಲಿ ಹೋದ ಕೆಲಸವೂ ಹುಟ್ಟದ ಕೆಲಸವೂ ಸೇರಿವೆ ಎಂಬುದನ್ನು ಓದುಗರಿಗೆ ತಿಳಿಸಲೇಬೇಕು.

ಮುಂದಿನ ಹಂತವೇ ಕಷ್ಟದ್ದು, ನೀತಿಯ ಪಾಲನ್ನು ಬೇರ್ಪಡಿಸುವುದು. ಬಡ್ಡಿ ಏರದಿದ್ದರೆ ಜಿಡಿಪಿ ಎಷ್ಟಿರುತ್ತಿತ್ತು ಎಂದು ಊಹಿಸದೆ ಇದು ಸಾಧ್ಯವಿಲ್ಲ. 4.8ರ ಕೊರತೆಯಲ್ಲಿ ಮುಕ್ಕಾಲು ಭಾಗ ಮಾತ್ರ ಬಡ್ಡಿಯಿಂದ ಬಂತು ಎಂದು ಇಟ್ಟುಕೊಂಡರೆ ಅಂದಾಜು ಸುಮಾರು 20 ಲಕ್ಷಕ್ಕೆ ಇಳಿಯುತ್ತದೆ. ಉತ್ಪಾದನೆ ಶೇ 3ರಷ್ಟು ಕಡಿಮೆಯಾದರೆ ನಿರುದ್ಯೋಗ ದರ ಒಂದು ಅಂಶ ಏರುತ್ತದೆ ಎಂದು ಓಕುನ್ ಅವರು ಮೊದಲು ಕಂಡಿದ್ದ ಮೂರಕ್ಕೊಂದರ ಅನುಪಾತವನ್ನು ಬಳಸಿದರೆ, ಪೂರ್ತಿ ಕೊರತೆಗೂ 18 ಲಕ್ಷದ ಆಸುಪಾಸಷ್ಟೇ ಬರುತ್ತದೆ. ಆದ್ದರಿಂದ ಒಂದೇ ಸಂಖ್ಯೆ ಕೊಡುವುದಕ್ಕಿಂತ ಒಂದು ವ್ಯಾಪ್ತಿಯನ್ನು ಕೊಡುವುದು ಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ 0.5 ಅನ್ನು ತಂದು ಹಾಸನಕ್ಕೆ ಅಂಟಿಸಬಾರದು. ನಮ್ಮಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ದುಡಿಮೆಯವರು. ಕೆಲಸ ನಿಂತ ಗಾರೆಯವನು ಅರಕಲಗೂಡಿನ ಕಡೆಯ ತನ್ನ ಊರಿಗೆ ಹಿಂದಿರುಗಿ ಅಪ್ಪನ ರಾಗಿ ಹೊಲದಲ್ಲಿ ಕೈಜೋಡಿಸುತ್ತಾನೆ. ಸಮೀಕ್ಷೆಯವರು ಕೇಳಿದರೆ ಆತ ಉದ್ಯೋಗದಲ್ಲಿ ಇರುವವನೇ. ಸರ್ಕಾರದ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ವಾರದ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು, ಆತ ನಿರುದ್ಯೋಗಿ ಅಲ್ಲ. ಉತ್ಪಾದನಾ ಅಂತರ ಹಿಗ್ಗಿದರೂ ನಿರುದ್ಯೋಗ ದರ ಕದಲದೆ ಇರುವುದು ಇದರಿಂದಲೇ.

ಇದಕ್ಕೆ ಉಪಾಯವೆಂದರೆ ತಲೆಗಳ ಬದಲು ದುಡಿದ ದಿನಗಳನ್ನು ಎಣಿಸುವುದು. ಉದಾಹರಣೆಗೆ, ಐವರು ಗಾರೆಯವರು ತಿಂಗಳಿಗೆ 24 ದಿನ ದುಡಿಯುತ್ತಿದ್ದವರು ಈಗ 14 ದಿನ ದುಡಿಯುತ್ತಿದ್ದಾರೆ ಎನ್ನೋಣ. ಹೋದ ದಿನಗಳು 50. ಅದನ್ನು 24ರಿಂದ ಭಾಗಿಸಿದರೆ ಎರಡು ಪೂರ್ಣ ಕೆಲಸಗಳಿಗಿಂತ ತುಸು ಹೆಚ್ಚೇ ಹೋದಂತಾಯಿತು. ಆ ಐವರ ನಿರುದ್ಯೋಗ ದರ ಮಾತ್ರ ಆಗಲೂ ಸೊನ್ನೆಯೇ.